ತಂಗಿಯ ರಾಜೀನಾಮೆ ಮೇಲ್: ಒಂದು ಸಂಜೆಯ ತಿದ್ದುಪಡಿ ದಾಖಲೆ

2025ರ ಅಕ್ಟೋಬರ್ 31, ಶುಕ್ರವಾರ. ಮಧ್ಯಾಹ್ನ ಮೂರೂವರೆಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ತಾಲ್ಲೂಕು ಕೇಂದ್ರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಅಕೌಂಟೆಂಟ್ ಅವಳು. "ಅಕ್ಕ, ಕೆಲಸ ಬಿಡ್ತಾ ಇದೀನಿ. ಅಧ್ಯಕ್ಷರಿಗೆ ಮೇಲ್ ಬರೆದಿದೀನಿ. ಒಂದ್ಸಲ ನೋಡಿ ಕೊಡ್ತೀಯಾ? ಇವತ್ತೇ ಹೋಗಬೇಕು" ಅಂದಳು.

ಇವತ್ತೇ ಯಾಕೆ ಅಂತ ಕೇಳಿದೆ. ನೇಮಕದ ಆದೇಶದಲ್ಲಿ ಒಂದು ತಿಂಗಳು ಮೊದಲೇ ತಿಳಿಸಬೇಕು ಅಂತ ಇದೆಯಂತೆ. ನಾಳೆ ಶನಿವಾರ ರಾಜ್ಯೋತ್ಸವ, ನಾಡಿದ್ದು ಭಾನುವಾರ. ಇವತ್ತು ತಪ್ಪಿದರೆ ಮೇಲ್ ನೋಡುವವರು ಸೋಮವಾರವೇ ನೋಡುವುದು. ಸರಿ, ಕಳಿಸು ಅಂದೆ.

ನಾನು ಶಿವಮೊಗ್ಗದಲ್ಲಿ ಡಿಟಿಪಿ ಮತ್ತು ಪ್ರೂಫ್ ಕೆಲಸ ಮಾಡುತ್ತೇನೆ. ಪುಸ್ತಕ, ಆಮಂತ್ರಣ, ಸಂಘಗಳ ವಾರ್ಷಿಕ ವರದಿ ಎಲ್ಲ ಬರುತ್ತವೆ. ಆದರೆ ನೂರು ಪದವೂ ಇಲ್ಲದ ಮೇಲ್ ಒಂದರಲ್ಲಿ ಇಷ್ಟು ಬಗೆಯ ತಪ್ಪು ಒಟ್ಟಿಗೆ ಸಿಕ್ಕಿದ್ದು ಇದೇ ಮೊದಲು. ಅದಕ್ಕೇ ಮಾಡಿದ್ದನ್ನೆಲ್ಲ ಬರೆದಿಟ್ಟೆ. ತಂಗಿಯ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಅವಳು ಕಳಿಸಿದ್ದು ಹೀಗಿತ್ತು:

> ವಿಷಯ : ರಾಜಿನಾಮೆ ಬಗ್ಗೆ
>
> ಮಾನ್ಯರೆ ,
>
> ನಾನು 2018 ರ ಜೂನ್ ನಿಂದ ನಮ್ಮ ಸ೦ಘದಲ್ಲಿ ಅಕೌಂಟೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ.ವಯಕ್ತಿಕ ಕಾರಣದಿಂದ ಈ ಕೆಲಸಕ್ಕೆ ರಾಜಿನಾಮೆ ನೀಡುತ್ತಿದ್ದೇನೆ, 31.11.2025 ನನ್ನ ಕೊನೆಯ ಕೆಲಸದ ದಿನ ಆಗಿರುತ್ತೆ ನವೆಂಬರ್ ಸಭೆಯಲ್ಲಿ ದಯವಿಟ್ಟು ಅಂಗಿಕರಿಸ ಬೇಕು
>
> ಅಕ್ಟೋಬರ್ ತನಕದ ವೋಚರ್ ತಾಳೆ ಮುಗಿಸುತ್ತೇನೆ ನವೆಂಬರ್ 20 ರ ಒಳಗೆ ಬೀರುವಿನ ಕೀ ಕಾರ್ಯದರ್ಶಿಯವರಿಗೆ ಒಪ್ಪಿಸುತ್ತೇನೆ. ಸಿಬ್ಬಂದಿ ಮುಂಗಡದಲ್ಲಿ ನನ್ನ ಹೆಸರಿನಲ್ಲಿ ರೂ.18.400 ಭಾಕಿ ಇದೆ ಅದನ್ನು ಕೊನೆಯ ಸಂಭಳದಲ್ಲಿ ಕಟಾಯಿಸಿ ಕೊಳ್ಳಬಹುದು.
>
> ಇಷ್ಟು ವರ್ಷ ಕೆಲಸ ಕಲಿಸಿದ ತಮಗೂ ಆಡಳಿತ ಮಂಡಳಿಗು ಸಂಘಕ್ಕೂ ನಾನು ಸದಾ ಕೃತಘ್ನಳಾಗಿರುತ್ತೇನೆ!!!
>
> ದನ್ಯವಾದಗಳು

ಮೊದಲು ಮಾಡಿದ ಕೆಲಸ, ಇದನ್ನು ಹಾಗೇ ಒಂದು ಫೈಲ್‌ನಲ್ಲಿ ಉಳಿಸಿಕೊಂಡಿದ್ದು. ಆ ಫೈಲನ್ನು ಮತ್ತೆ ಮುಟ್ಟುವುದಿಲ್ಲ. ಅದರ ಒಂದು ನಕಲನ್ನು ತೆರೆದು ತಿದ್ದುವುದು. ತಿದ್ದುತ್ತಾ ತಿದ್ದುತ್ತಾ ಬರೆದವರ ಮಾತು ಯಾವುದು, ನನ್ನದು ಯಾವುದು ಅಂತ ಮರೆತುಹೋಗುತ್ತದೆ. ಆಗ ಹಿಂದಕ್ಕೆ ಹೋಗಿ ನೋಡಲು ಮೂಲ ಇರಬೇಕು.

ಆಮೇಲೆ ಅಕ್ಷರ 16ರ ಗಾತ್ರಕ್ಕೆ ಹಿಗ್ಗಿಸಿ, ಸಾಲುಗಳ ನಡುವೆ ಎರಡು ಪಟ್ಟು ಜಾಗ ಬಿಟ್ಟು ಪ್ರಿಂಟ್ ತೆಗೆದೆ. ಇಷ್ಟು ಚಿಕ್ಕ ಮೇಲ್‌ಗೆ ಕಾಗದ ಯಾಕೆ ಅನ್ನಿಸಬಹುದು. ಕನ್ನಡದಲ್ಲಿ ಗುಣಿತ, ಒತ್ತು, ಮಹಾಪ್ರಾಣದ ಸೀಳು ಎಲ್ಲ ಅಕ್ಷರದ ಮೇಲೆ ಕೆಳಗೆ ಕೂತಿರುತ್ತವೆ. ಮೊಬೈಲ್ ಪರದೆಯಲ್ಲಿ ದ ಮತ್ತು ಧ ನಡುವಿನ ವ್ಯತ್ಯಾಸ ಒಂದು ಚುಕ್ಕಿಯಷ್ಟೇ. ತಂಗಿ ಇದನ್ನು ಪೂರ್ತಿ ಮೊಬೈಲ್‌ನಲ್ಲೇ ಬರೆದದ್ದು. ಅವಳಿಗೆ ಕಾಣದಿದ್ದದ್ದು ಸಹಜ.

ಮೊದಲ ಓದು: ಅರ್ಥ ಉಲ್ಟಾ ಆಗಿರುವ ಜಾಗ

ಮೊದಲ ಸಲ ಓದುವಾಗ ನಾನು ಪೆನ್ನು ಹಿಡಿಯುವುದಿಲ್ಲ. ಅಧ್ಯಕ್ಷರ ಜಾಗದಲ್ಲಿ ಕೂತು ಸುಮ್ನೆ ಓದುತ್ತೇನೆ. ಹಾಗೆ ಓದುತ್ತಾ ಕೊನೆಯ ಸಾಲಿಗೆ ಬಂದಾಗ ಎದೆ ಧಸಕ್ಕೆಂದಿತು. "ನಾನು ಸದಾ ಕೃತಘ್ನಳಾಗಿರುತ್ತೇನೆ."

ಅವಳು ಹೇಳಬೇಕೆಂದಿದ್ದು ಕೃತಜ್ಞಳು. ಮಾಡಿದ ಉಪಕಾರವನ್ನು ತಿಳಿದವಳು ಅಂತ. ಬರೆದಿದ್ದು ಕೃತಘ್ನಳು, ಅಂದರೆ ಉಪಕಾರವನ್ನು ಕೊಂದವಳು. ಘ್ನ ಅಂದರೆ ಕೊಲ್ಲುವುದು. ಶತ್ರುಘ್ನ ಅನ್ನುವ ಹೆಸರಿನಲ್ಲಿರುವುದೂ ಅದೇ ಘ್ನ. ಏಳು ವರ್ಷ ಕೆಲಸ ಮಾಡಿದ ಜಾಗಕ್ಕೆ "ಉಂಡ ಮನೆಗೆ ಎರಡು ಬಗೆಯುತ್ತಲೇ ಇರುತ್ತೇನೆ" ಅಂತ ಬರೆದು, ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದಂತಾಗಿತ್ತು.

ಫೋನ್ ಮಾಡಿ ಹೇಳಿದೆ. ಅವಳು ಒಂದು ಕ್ಷಣ ಮಾತೇ ಆಡಲಿಲ್ಲ. "ಅಯ್ಯೋ, ನಾನು krutagna ಅಂತ ಟೈಪ್ ಮಾಡಿದೆ ಅಕ್ಕ. ಬಂದ ಪದ ಒತ್ತಿದೆ" ಅಂದಳು.

ಕಾರಣ ಅಲ್ಲೇ ಇತ್ತು. ಜ್ಞ ಬರೆಯುವುದು ಜ ಕೆಳಗೆ ಞ ಒತ್ತು ಕೊಟ್ಟು. ಆದರೆ ಕನ್ನಡದಲ್ಲಿ ನಾವು ಅದನ್ನು ಹೇಳುವುದು ಗ್ನ್ಯ ಅಂತ. ಕಿವಿಗೆ ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕೀಬೋರ್ಡ್‌ಗೆ ಎರಡೂ ಪದ ಹತ್ತಿರದವೇ. ತಪ್ಪು ತೋರಿಸುವ ಕೆಂಪು ಗೆರೆ ಇಲ್ಲಿ ಬರುವುದಿಲ್ಲ, ಯಾಕೆಂದರೆ ಕೃತಘ್ನ ಕೂಡ ನಿಘಂಟಿನಲ್ಲಿ ಇರುವ ಪದವೇ. ಇಂಥ ತಪ್ಪನ್ನು ಅರ್ಥ ಹಿಡಿದು ಓದುವ ಮನುಷ್ಯರೇ ಹುಡುಕಬೇಕು. ನಾನು ಆಹ್ವಾನ ಪತ್ರಿಕೆಗಳಲ್ಲಿ, ಸನ್ಮಾನ ಪತ್ರಗಳಲ್ಲಿ ಇದೇ ತಪ್ಪು ಹಲವು ಸಲ ಹಿಡಿದಿದ್ದೇನೆ. ಪ್ರೂಫ್‌ಗೆ ಕೂತರೆ ಮೊದಲು ಕಣ್ಣು ಹಾಯುವುದೇ ಧನ್ಯವಾದ ಹೇಳುವ ಸಾಲಿನ ಮೇಲೆ.

ಎರಡನೇ ಓದು: ಅಕ್ಷರ

ಈಗ ಪೆನ್ನು. ಈ ಸಲ ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದೇ ಪದವನ್ನು ಬಿಡಿಯಾಗಿ ನೋಡುತ್ತಾ ಹೋದೆ. ಮೇಲಿನಿಂದ ಓದಿದರೆ ಮನಸ್ಸು ವಾಕ್ಯದ ಹಿಂದೆ ಓಡುತ್ತದೆ, ಪದ ಹೇಗಿರಬೇಕೋ ಹಾಗೇ ಕಂಡುಬಿಡುತ್ತದೆ. ಕೆಳಗಿನಿಂದ ಹೋದರೆ ಓಡಲು ದಾರಿ ಇರುವುದಿಲ್ಲ.

ದನ್ಯವಾದ ಧನ್ಯವಾದ ಆಯಿತು. ಮಂಡಳಿಗು ಮಂಡಳಿಗೂ ಆಯಿತು. ಪಕ್ಕದಲ್ಲೇ "ತಮಗೂ", "ಸಂಘಕ್ಕೂ" ಸರಿಯಾಗಿದ್ದವು, ನಡುವಿನದಕ್ಕೆ ಮಾತ್ರ ದೀರ್ಘ ಬಿಟ್ಟಿದ್ದಳು. ಸಂಭಳ ಸಂಬಳ ಆಯಿತು, ಭಾಕಿ ಬಾಕಿ ಆಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಧ ಬೇಕಾದಲ್ಲಿ ದ ಬರೆದಿದ್ದಾಳೆ. ಬ ಸಾಕಾದಲ್ಲಿ ಭ ಬರೆದಿದ್ದಾಳೆ. ಒಂದರಲ್ಲಿ ಮಹಾಪ್ರಾಣ ಬಿಟ್ಟಿದೆ, ಇನ್ನೊಂದರಲ್ಲಿ ಬೇಡದೆ ಬಂದಿದೆ. ನೋಡಲು ವಿರುದ್ಧ ತಪ್ಪುಗಳು, ಆದರೆ ಬೇರು ಒಂದೇ. ನಮ್ಮ ದಿನದ ಮಾತಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇಲ್ಲ. ಧನ್ಯವಾದ ಅಂತ ಒತ್ತಿ ಹೇಳುವವರು ಕಡಿಮೆ. ಕಿವಿ ಸಹಾಯಕ್ಕೆ ಬರುವುದಿಲ್ಲ. ಶಾಲೆಯಲ್ಲಿ "ಮಹಾಪ್ರಾಣ ಬಿಟ್ಟಿದೀಯ" ಅಂತ ಬೈಸಿಕೊಂಡು ಬೆಳೆದವರು ಎಲ್ಲಿ ಅನುಮಾನ ಬಂದರೂ ಇರಲಿ ಅಂತ ಒಂದು ಸೇರಿಸಿಬಿಡುತ್ತಾರೆ. ಅದರಲ್ಲೂ ಆಫೀಸಿನ ಪತ್ರ ಅಂದರೆ ಜಾಸ್ತಿ. ಧನ್ಯವಾದ ಸಂಸ್ಕೃತದಿಂದ ಬಂದದ್ದು, ಅಲ್ಲಿ ಮಹಾಪ್ರಾಣ ಇದೆ. ಬಾಕಿ ಪಾರಸಿ ಆಡಳಿತದ ಕಾಲದಲ್ಲಿ ಬಂದ ಪದ, ಅದಕ್ಕೆ ಮಹಾಪ್ರಾಣ ಬೇಕಿಲ್ಲ. ಲೆಕ್ಕದ ಮೇಜಿನ ಮೇಲಿರುವ ಇನ್ನೂ ಕೆಲವು ಪದ ಹಾಗೇ: ಜಮಾ, ವಸೂಲಿ, ರಸೀದಿ. ಖರ್ಚಿನ ಖ ಮಾತ್ರ ನಾವು ಹಾಗೇ ಉಳಿಸಿಕೊಂಡಿದ್ದೇವೆ. ಅಕೌಂಟೆಂಟ್ ಆದವಳಿಗೆ ಬಾಕಿ ದಿನಕ್ಕೆ ಹತ್ತು ಸಲ ಬರೆಯುವ ಪದ, ಅದಕ್ಕೇ ಅದನ್ನು ಅವಳಿಗೆ ಬಿಡಿಸಿ ಹೇಳಿದೆ.

ವಯಕ್ತಿಕ ವೈಯಕ್ತಿಕ ಆಯಿತು. ಇದು ವ್ಯಕ್ತಿಯಿಂದ ಬಂದದ್ದು. ವ್ಯಾಕರಣದಿಂದ ವೈಯಾಕರಣ ಆದ ಹಾಗೆ ವ್ಯಕ್ತಿಯಿಂದ ವೈಯಕ್ತಿಕ. ಹಾಗೆ ಜೋಡಿಯಾಗಿ ನೆನಪಿಟ್ಟರೆ ಐತ್ವ ಮರೆಯುವುದಿಲ್ಲ. ಅಂಗಿಕರಿಸ ಅಂಗೀಕರಿಸ ಆಯಿತು.

ರಾಜಿನಾಮೆ ಎರಡು ಕಡೆ ಇತ್ತು, ಅದರಲ್ಲಿ ಒಂದು ವಿಷಯದ ಸಾಲಿನಲ್ಲೇ. ಜೀ ದೀರ್ಘ: ರಾಜೀನಾಮೆ. ಹ್ರಸ್ವ ಮಾಡಿದರೆ ಕಣ್ಣಿಗೆ ಮೊದಲು ಬೀಳುವುದು ರಾಜಿ. ಸಾಲ ವಸೂಲಿಯ ಸಂಘದಲ್ಲಿ ರಾಜಿ ಅಂದರೆ ಬೇರೆಯೇ ಕೆಲಸ. ಅಧ್ಯಕ್ಷರು ಮೇಲ್ ತೆರೆಯುವ ಮೊದಲೇ ಕಾಣುವ ಸಾಲು ಅದು. ಅಲ್ಲಿ ತಪ್ಪು ಇರಬಾರದು.

ಮಾನ್ಯರೆ ಪದವನ್ನು ಮುಟ್ಟಲಿಲ್ಲ. ಮಾನ್ಯರೇ ಅಂತ ದೀರ್ಘ ಮಾಡುವವರಿದ್ದಾರೆ, ಹ್ರಸ್ವ ಬರೆಯುವವರೂ ಇದ್ದಾರೆ. ಎರಡೂ ಬಳಕೆಯಲ್ಲಿರುವಾಗ ಬರೆದವರು ಆರಿಸಿದ್ದನ್ನು ಬಿಡುವುದು ನನ್ನ ಪದ್ಧತಿ. ಅಕೌಂಟೆಂಟ್ ಪದವನ್ನು ಲೆಕ್ಕಿಗ ಮಾಡಲೂ ಇಲ್ಲ. ನೇಮಕದ ಆದೇಶದಲ್ಲಿ ಅಕೌಂಟೆಂಟ್ ಅಂತಲೇ ಇದೆ ಅಂದಳು. ಸೇರಿದ ಹುದ್ದೆಯ ಹೆಸರಿನಲ್ಲೇ ಬಿಡಬೇಕು. ಕಟಾಯಿಸು ಕೂಡ ಹಾಗೇ ಉಳಿಯಿತು. ಅದು ಆ ಆಫೀಸಿನ ಮಾತು, ಓದುವವರಿಗೆ ನೇರ ಗೊತ್ತಾಗುತ್ತದೆ. "ಕಡಿತಗೊಳಿಸು" ಅಂತ ಗಟ್ಟಿ ಮಾಡಿ ಏನೂ ಸಾಧಿಸುವುದಿಲ್ಲ.

"ಆಗಿರುತ್ತೆ" ಮಾತ್ರ "ಆಗಿರುತ್ತದೆ" ಮಾಡಿದೆ. ತಪ್ಪು ಅಂತಲ್ಲ. ಉಳಿದ ಎಲ್ಲ ಕ್ರಿಯಾಪದಗಳೂ ಬರಹದ ರೂಪದಲ್ಲಿವೆ, ಇದೊಂದು ಮಾತಿನ ರೂಪದಲ್ಲಿತ್ತು.

ಖಾಲಿ ಜಾಗಗಳು

ಅಂಗಿಕರಿಸ ಬೇಕು, ಕಟಾಯಿಸಿ ಕೊಳ್ಳಬಹುದು, 2018 ರ, 20 ರ. ಕೂಡಿರಬೇಕಾದದ್ದು ಬಿಡಿಯಾಗಿದೆ. ಮೊಬೈಲ್ ಕೀಬೋರ್ಡ್ ಒಂದು ಸೂಚನೆ ಒತ್ತಿದ ತಕ್ಷಣ ತಾನೇ ಜಾಗ ಬಿಟ್ಟುಬಿಡುತ್ತದೆ. ಉದ್ದ ಪದವನ್ನು ಎರಡು ಸಲಕ್ಕೆ ಒತ್ತಿದರೆ ನಡುವೆ ಬಿರುಕು. ಇನ್ನೊಂದು ಕಡೆ ಬೇಕಾದಲ್ಲಿ ಜಾಗವೇ ಇಲ್ಲ: "ಮಾಡುತ್ತಿದ್ದೇನೆ.ವಯಕ್ತಿಕ". ವಿಷಯದ ನಂತರದ ಚಿಹ್ನೆಗೂ, ಮಾನ್ಯರೆ ಮುಂದಿನ ಅಲ್ಪವಿರಾಮಕ್ಕೂ ಹಿಂದೆ ಜಾಗ ಬಿಟ್ಟಿದ್ದಾಳೆ. ಚಿಹ್ನೆ ಪದಕ್ಕೆ ಅಂಟಿರಬೇಕು, ಜಾಗ ಅದರ ನಂತರ. ಇಲ್ಲದಿದ್ದರೆ ಸಾಲು ಮುರಿಯುವಲ್ಲಿ ಅಲ್ಪವಿರಾಮ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ.

"ಜೂನ್ ನಿಂದ" ಬೇರೆ ಕಥೆ. ಅಲ್ಲಿ ಅವಳು ಬೇಕಂತಲೇ ಜಾಗ ಬಿಟ್ಟಿದ್ದಾಳೆ. ಕೂಡಿಸಿ ಒತ್ತಿದರೆ "ಜೂನ್ನಿಂದ" ಅಂತ ನ ಕೆಳಗೆ ನ ಒತ್ತು ಬಂತಂತೆ. ಅದನ್ನು ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಯೂನಿಕೋಡ್‌ನಲ್ಲಿ U+200C. ನ್ ಮತ್ತು ನಿ ನಡುವೆ ಅದನ್ನು ಇಟ್ಟರೆ "ಜೂನ್‌ನಿಂದ" ಅಂತ ಸರಿಯಾಗಿ ನಿಲ್ಲುತ್ತದೆ. ನನ್ನ ಗಣಕದಲ್ಲಿ ಹಾಕುವುದು ಸುಲಭ. ಆದರೆ ಅವಳು ಮತ್ತೆ ಮೊಬೈಲ್‌ನಲ್ಲಿ ಒಂದು ಪದ ತಿದ್ದಲು ಹೋದರೆ ಈ ಕಾಣದ ಅಕ್ಷರ ಅಳಿಸಿಹೋಗಬಹುದು. ಹಾಗಾಗಿ "ಜೂನ್ ತಿಂಗಳಿನಿಂದ" ಅಂತ ಬರೆದೆ. ತೊಡಕೇ ಇಲ್ಲದ ದಾರಿ ಇದ್ದರೆ ಅದರಲ್ಲೇ ಹೋಗುವುದು ಒಳ್ಳೆಯದು.

ನಿಲ್ಲಿಸುವ ಚಿಹ್ನೆ ಎಲ್ಲಿ?

ನಾಲ್ಕೂವರೆ ಆಗಿತ್ತು. ಈ ಸಂಜೆ ಅತಿ ಹೆಚ್ಚು ಹೊತ್ತು ತಿಂದ ವಾಕ್ಯ ಇದು:

> ಅಕ್ಟೋಬರ್ ತನಕದ ವೋಚರ್ ತಾಳೆ ಮುಗಿಸುತ್ತೇನೆ ನವೆಂಬರ್ 20 ರ ಒಳಗೆ ಬೀರುವಿನ ಕೀ ಕಾರ್ಯದರ್ಶಿಯವರಿಗೆ ಒಪ್ಪಿಸುತ್ತೇನೆ.

ಕಾಗುಣಿತ ತಪ್ಪು ಒಂದೂ ಇಲ್ಲ. ಎರಡು ಕ್ರಿಯಾಪದಗಳ ನಡುವೆ ಪೂರ್ಣವಿರಾಮ ಬೇಕು, ಅಷ್ಟೇ. ಎಲ್ಲಿ ಹಾಕುವುದು?

"ಮುಗಿಸುತ್ತೇನೆ" ನಂತರ ಹಾಕಿದರೆ, ನವೆಂಬರ್ 20ರ ಒಳಗೆ ಬೀರುವಿನ ಕೀ ಒಪ್ಪಿಸುತ್ತಾಳೆ. "ಒಳಗೆ" ನಂತರ ಹಾಕಿದರೆ, 20ರ ಒಳಗೆ ವೋಚರ್ ತಾಳೆ ಮುಗಿಯುತ್ತದೆ, ಕೀ ಯಾವತ್ತು ಅಂತ ಹೇಳಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು, ಹಾಗಾಗಿ ಮೊದಲನೆಯದೇ ಸರಿ ಅನ್ನಬಹುದು. ಆದರೆ ನಾವು ಮಾತಾಡುವಾಗ "ಬರ್ತೀನಿ ನಾಳೆ", "ಮುಗಿಸ್ತೀನಿ ಸಂಜೆ ಒಳಗೆ" ಅಂತ ಕ್ರಿಯಾಪದದ ಮೇಲೆ ಹೊತ್ತನ್ನು ಸೇರಿಸುವುದು ಸಾಮಾನ್ಯ. ಅವಳು ಮಾತಾಡಿದ ಹಾಗೇ ಬರೆದಿದ್ದರೆ ಎರಡನೆಯದು ಸರಿ.

ಇದನ್ನು ನಾನು ಊಹಿಸಿ ತಿದ್ದುವ ಹಾಗಿಲ್ಲ. ಬೀರುವಿನ ಕೀ ಅಂದರೆ ನಗದು, ಅಡವಿನ ಚಿನ್ನ, ಸಾಲದ ಪತ್ರಗಳು. 20ಕ್ಕೆ ಕೀ ಕೊಟ್ಟು 30ರವರೆಗೆ ಅದೇ ಕುರ್ಚಿಯಲ್ಲಿ ಕೂತರೆ, ನಡುವಿನ ಹತ್ತು ದಿನ ಏನಾದರೂ ವ್ಯತ್ಯಾಸ ಬಂದರೆ ಹೊಣೆ ಯಾರದ್ದು?

ಫೋನ್ ಮಾಡಿದೆ. "ನೀನೇ ಜೋರಾಗಿ ಓದು, ನಾನು ಕೇಳಿಸಿಕೊಳ್ತೀನಿ" ಅಂದೆ. ಓದಿದಳು. ಉಸಿರು ನಿಂತಿದ್ದು "ಒಳಗೆ" ಆದ ಮೇಲೆ. "ಅಂದ್ರೆ 20ಕ್ಕೆ ಮುಗಿಸೋದು ವೋಚರ್, ಕೀ ಅಲ್ಲ. ಅಲ್ವಾ?" ಅಂದೆ. "ಹೌದಕ್ಕ, ಕೀ ಕೊನೇ ದಿನವೇ ಕೊಡೋದು. ಮೊದಲೇ ಕೊಟ್ಟು ಸಂಕಟಕ್ಕೆ ಸಿಕ್ಕಿಹಾಕ್ಕೊಳ್ಳಲಾ?" ಅಂದಳು.

ಹಾಗಾದರೆ ಬರೀ ಪೂರ್ಣವಿರಾಮ ಹಾಕಿ ಬಿಟ್ಟರೆ ಸಾಲದು. ಅದೊಂದು ಚುಕ್ಕಿ ಕಣ್ಣು ತಪ್ಪಿದರೆ ಮತ್ತೆ ಅದೇ ಗೊಂದಲ. ಪದಗಳ ಜಾಗವನ್ನೇ ಬದಲಿಸಿದೆ: "ಅಕ್ಟೋಬರ್ ತನಕದ ವೋಚರ್ ತಾಳೆಯನ್ನು ನವೆಂಬರ್ 20ರ ಒಳಗೆ ಮುಗಿಸುತ್ತೇನೆ." ಈಗ ಚಿಹ್ನೆಯನ್ನು ಅಳಿಸಿದರೂ ಅರ್ಥ ಜಾರುವುದಿಲ್ಲ. ಕೀ ಒಪ್ಪಿಸುವ ದಿನ ಪ್ರತ್ಯೇಕ ವಾಕ್ಯದಲ್ಲಿ ಬರಲಿ ಅಂದೆ. ದಿನ ಯಾವುದು? ಅಲ್ಲಿಗೆ ಮುಂದಿನ ತೊಡಕಿಗೆ ಬಂದೆವು.

ಅಂಕಿಗಳು: ಇಲ್ಲಿ ನಾನು ತಿದ್ದುವುದಿಲ್ಲ, ಕೇಳುತ್ತೇನೆ

ಮೂರನೇ ಓದು ಅಂಕಿಗಳಿಗೆ ಮಾತ್ರ. ಬೇರೆಲ್ಲ ಬಿಟ್ಟು 2018, 31.11.2025, 20, 18.400 ಇಷ್ಟನ್ನೇ ಕಾಗದದ ಅಂಚಿನಲ್ಲಿ ಬರೆದುಕೊಂಡೆ. ಅಕ್ಷರ ತಪ್ಪಾದರೆ ಸರಿ ರೂಪ ನನಗೆ ಗೊತ್ತಿರುತ್ತದೆ. ಅಂಕಿ ತಪ್ಪಾದರೆ ಸರಿಯಾದದ್ದು ಬರೆದವರಿಗೆ ಮಾತ್ರ ಗೊತ್ತು.

31.11.2025 ಅನ್ನುವ ದಿನವೇ ಇಲ್ಲ. ನವೆಂಬರ್‌ಗೆ ಮೂವತ್ತೇ ದಿನ. ಸುಮ್ನೆ 30 ಅಂತ ತಿದ್ದಿಬಿಡಲು ಕೈ ತುರಿಸುತ್ತದೆ. ಆದರೆ ಅವಳ ಮನಸ್ಸಿನಲ್ಲಿದ್ದದ್ದು ನವೆಂಬರ್ ಕೊನೆಯೋ, ಡಿಸೆಂಬರ್ 31 ಬರೆಯಲು ಹೋಗಿ ತಿಂಗಳು ತಪ್ಪಿತೋ? ಕ್ಯಾಲೆಂಡರ್ ತೆಗೆದು ನೋಡಿದರೆ ನವೆಂಬರ್ 30 ಭಾನುವಾರ. ಮೂಲದಲ್ಲಿದ್ದ "ಕೊನೆಯ ಕೆಲಸದ ದಿನ" ಭಾನುವಾರ ಹೇಗೆ ಆಗುತ್ತದೆ?

ಕೇಳಿದಾಗ ಗೊತ್ತಾಯಿತು. ನವೆಂಬರ್ ಕೊನೆಯೇ ಅವಳ ಉದ್ದೇಶ, ತಿಂಗಳ ಕೊನೆ ಅಂದರೆ 31 ಅಂತ ಕೈ ತಾನೇ ಒತ್ತಿದೆ. ಇವತ್ತು ಅಕ್ಟೋಬರ್ 31, ಅವಳ ಲೆಕ್ಕದಲ್ಲಿ ಒಂದು ತಿಂಗಳು ನವೆಂಬರ್ 30ಕ್ಕೆ ಆಗುತ್ತದೆ. ಸಂಬಳದ ಲೆಕ್ಕಕ್ಕೂ ತಿಂಗಳು ಪೂರ್ತಿ ಬೇಕು. ಹಾಗಾಗಿ ಸೇವೆಯ ಕೊನೆಯ ದಿನ 30 ಅಂತಲೇ ಇರಲಿ. ಆದರೆ ಕೀ ಒಪ್ಪಿಸುವುದು ಆಫೀಸ್ ತೆರೆದಿರುವ ದಿನ ಆಗಬೇಕು. ಅದು 29, ಶನಿವಾರ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ. 29 ಐದನೇ ಶನಿವಾರ, ಬ್ಯಾಂಕಿನ ಬಾಕಿಯನ್ನೂ ಅವತ್ತೇ ತಾಳೆ ನೋಡಿ ಒಪ್ಪಿಸಬಹುದು. "ಕೊನೆಯ ಕೆಲಸದ ದಿನ" ತೆಗೆದು "ಸೇವೆಯ ಕೊನೆಯ ದಿನ" ಮಾಡಿದೆವು. ಒಂದು ಅಂಕಿ ಸರಿಮಾಡಲು ಹೋಗಿ ಎರಡು ವಾಕ್ಯ ಬದಲಾಯಿತು. ಎರಡನ್ನೂ ಬದಲಿಸಿದ್ದು ಅವಳು, ನಾನು ಬರೆದುಕೊಂಡೆ.

ಆಮೇಲೆ ರೂ.18.400. ಚುಕ್ಕಿ ಇದ್ದರೆ ಅದು ಹದಿನೆಂಟು ರೂಪಾಯಿ ನಲವತ್ತು ಪೈಸೆ. ಅಲ್ಪವಿರಾಮ ಇದ್ದರೆ ಹದಿನೆಂಟು ಸಾವಿರದ ನಾನೂರು. ಮುಂಗಡ ಹದಿನೆಂಟು ರೂಪಾಯಿ ಇರಲಿಕ್ಕಿಲ್ಲ ಅಂತ ಯಾರಿಗಾದರೂ ಗೊತ್ತು. ಆದರೂ ಕೇಳಿದೆ. ಚುಕ್ಕಿ ತಪ್ಪಿದವಳು ಅಂಕಿಯನ್ನೂ ತಪ್ಪಿರಬಹುದು. "ಮುಂಗಡದ ಲೆಡ್ಜರ್ ತೆಗೆದು ನೋಡಿ ಹೇಳು ಮಾರಾಯ್ತಿ" ಅಂದೆ. ಐದು ನಿಮಿಷದಲ್ಲಿ ಹೇಳಿದಳು: 18,400, ಸರಿ ಇದೆ. ಈ ಮೊತ್ತವನ್ನು ಅವಳ ಲಿಖಿತ ಒಪ್ಪಿಗೆ ಅಂತಲೇ ಅವರು ಫೈಲ್ ಮಾಡುತ್ತಾರೆ. ಹಾಗಿರುವಾಗ ಐದು ನಿಮಿಷ ಹೆಚ್ಚಲ್ಲ. "ರೂ." ನಂತರ ಒಂದು ಜಾಗವನ್ನೂ ಬಿಟ್ಟೆ, ಚುಕ್ಕಿ ಅಂಕಿಗೆ ಅಂಟಿ ಕಾಣಬಾರದು.

ನನ್ನ ಕೈಯಿಂದ ಆದ ಎಡವಟ್ಟು

ತಿದ್ದುಪಡಿಗಳನ್ನು ಗಣಕದಲ್ಲಿ ಹಾಕುವಾಗ ಭಾಕಿ, ಸಂಭಳ ಎರಡರಲ್ಲೂ ಭ ತೆಗೆಯಬೇಕಿತ್ತು. ಹೊತ್ತಾಗುತ್ತಿದೆ ಅಂತ "ಹುಡುಕಿ ಬದಲಿಸು" ತೆರೆದು ಭ ಇರುವಲ್ಲೆಲ್ಲ ಬ ಹಾಕು ಅಂತ ಕೊಟ್ಟೆ. ಮೂರು ಕಡೆ ಬದಲಾಯಿತು ಅಂತ ತೋರಿಸಿತು. ನಾನು ತಿದ್ದಬೇಕಿದ್ದದ್ದು ಎರಡು. ಮೂರನೆಯದು ಯಾವುದು ಅಂತ ಹುಡುಕಿದರೆ "ನವೆಂಬರ್ ಸಬೆಯಲ್ಲಿ". ಸರಿಯಾಗಿದ್ದ ಸಭೆ ನನ್ನ ಕೈಯಲ್ಲಿ ಕೆಟ್ಟಿತ್ತು.

ಆ ಸಂಖ್ಯೆಯನ್ನು ನೋಡದೆ ಮುಂದೆ ಹೋಗಿದ್ದರೆ ಅದು ಹಾಗೇ ಹೋಗುತ್ತಿತ್ತು. ಬಿಡಿ ಅಕ್ಷರವನ್ನು ಒಟ್ಟಿಗೆ ಬದಲಿಸುವುದು ತಪ್ಪು ವಿಧಾನ. ಪೂರ್ತಿ ಪದವನ್ನೇ ಕೊಡಬೇಕು, ಒಂದೊಂದಾಗಿ ನೋಡಿ ಒಪ್ಪಬೇಕು. ಹಿಂದಕ್ಕೆ ಹೋಗಿ ಕೈಯಲ್ಲೇ ತಿದ್ದಿದೆ.

ಕಾಣದ ಸೊನ್ನೆ

ಮುಗಿಯಿತು ಅಂದುಕೊಂಡೆ. ಕೊನೆಗೆ ಒಂದು ಪದ್ಧತಿ ಇದೆ ನನಗೆ. ಸಂಸ್ಥೆಯ ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ಅಂತ ಹುಡುಕಿ ನೋಡುತ್ತೇನೆ. "ಸಂಘ" ಅಂತ ಕೊಟ್ಟೆ. ಒಂದೇ ಸಿಕ್ಕಿತು, ಕೊನೆಯ ಸಾಲಿನ "ಸಂಘಕ್ಕೂ". ಕಣ್ಣಿಗೆ ಮಾತ್ರ ಎರಡು ಕಾಣುತ್ತಿವೆ. ಮೊದಲ ಸಾಲಿನ "ಸ೦ಘದಲ್ಲಿ" ಯಾಕೆ ಸಿಗಲಿಲ್ಲ?

ಬಾಣದ ಕೀಲಿ ಒತ್ತಿ ಕರ್ಸರ್ ಸರಿಸಿದೆ. ಕೊನೆಯ ಸಾಲಿನಲ್ಲಿ ಸಂ ಒಂದೇ ಹೆಜ್ಜೆಗೆ ದಾಟಿತು. ಮೊದಲ ಸಾಲಿನಲ್ಲಿ ಸ ಆದ ಮೇಲೆ ಒಮ್ಮೆ ನಿಂತಿತು, ಆಮೇಲೆ ಸೊನ್ನೆ ದಾಟಿತು. ಅಲ್ಲೇ ಗೊತ್ತಾಯಿತು. ವರ್ಡ್‌ನಲ್ಲಿ ಆ ಸೊನ್ನೆ ಆದ ತಕ್ಷಣ ಕರ್ಸರ್ ಇಟ್ಟು Alt+X ಒತ್ತಿದೆ. ಬಂದದ್ದು 0CE6. ಅದು ಅನುಸ್ವಾರವೇ ಅಲ್ಲ, ಕನ್ನಡದ ಅಂಕಿ ಸೊನ್ನೆ. ಅನುಸ್ವಾರದ ಸಂಖ್ಯೆ 0C82.

```
ಸಂಘ   0CB8 0C82 0C98
ಸ೦ಘ   0CB8 0CE6 0C98
```

ಹೇಗೆ ಬಂತು ಅಂದರೆ, "ನಮ್ಮ ಸ೦ಘದಲ್ಲಿ" ಅನ್ನುವಷ್ಟನ್ನು ಅವಳು ಆಫೀಸಿನ ಒಂದು ಹಳೆಯ ಪತ್ರದಿಂದ ನಕಲು ಮಾಡಿದ್ದಳು. ಅದನ್ನು ಟೈಪ್ ಮಾಡಿದವರು ಅನುಸ್ವಾರ ಸಿಗದೆಯೋ, ಎರಡೂ ಒಂದೇ ಅಂದುಕೊಂಡೋ ಅಂಕಿಯ ಸೊನ್ನೆ ಒತ್ತಿದ್ದಾರೆ. ಕಾಗದದ ಮೇಲೆ ಯಾರಿಗೂ ತಿಳಿಯುವುದಿಲ್ಲ. ನಾನು ಮೂರು ಸಲ ಓದಿದರೂ ಕಾಣಲಿಲ್ಲ, ಕಾಣುವ ತಪ್ಪೇ ಅಲ್ಲ ಅದು. ಆದರೆ ಮುಂದೆ ಯಾರಾದರೂ ಮೇಲ್‌ಗಳಲ್ಲಿ ಸಂಘದ ಹೆಸರು ಕೊಟ್ಟು ಹುಡುಕಿದರೆ ಆ ಪದ ಸಿಗುವುದಿಲ್ಲ.

ಒಂದು ಕಡೆ ಸಿಕ್ಕಿದ ಮೇಲೆ ಇಡೀ ಮೇಲ್‌ನಲ್ಲಿ ೦ ಹುಡುಕಿದೆ. ಬೇರೆ ಇರಲಿಲ್ಲ. ತಂಗಿಗೆ ಹೇಳಿದೆ, ಆ ಹಳೆಯ ಪತ್ರದಿಂದ ಇನ್ನು ಮುಂದೆ ನಕಲು ಮಾಡಬೇಡ ಅಂತ.

ಐದೂವರೆಗೆ ಅವಳಿಗೆ ವಾಪಸ್ ಕಳಿಸಿದ್ದು ಇದು:

> ವಿಷಯ: ಅಕೌಂಟೆಂಟ್ ಹುದ್ದೆಗೆ ರಾಜೀನಾಮೆ
>
> ಮಾನ್ಯರೆ,
>
> ನಾನು 2018ರ ಜೂನ್ ತಿಂಗಳಿನಿಂದ ನಮ್ಮ ಸಂಘದಲ್ಲಿ ಅಕೌಂಟೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ವೈಯಕ್ತಿಕ ಕಾರಣದಿಂದ ಈ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ. 30.11.2025 ನನ್ನ ಸೇವೆಯ ಕೊನೆಯ ದಿನ ಆಗಿರುತ್ತದೆ. ನವೆಂಬರ್ ಸಭೆಯಲ್ಲಿ ದಯವಿಟ್ಟು ಅಂಗೀಕರಿಸಬೇಕು.
>
> ಅಕ್ಟೋಬರ್ ತನಕದ ವೋಚರ್ ತಾಳೆಯನ್ನು ನವೆಂಬರ್ 20ರ ಒಳಗೆ ಮುಗಿಸುತ್ತೇನೆ. ಬೀರುವಿನ ಕೀಯನ್ನು ನವೆಂಬರ್ 29ರ ಶನಿವಾರ ಕಾರ್ಯದರ್ಶಿಯವರಿಗೆ ಒಪ್ಪಿಸುತ್ತೇನೆ. ಸಿಬ್ಬಂದಿ ಮುಂಗಡದಲ್ಲಿ ನನ್ನ ಹೆಸರಿನಲ್ಲಿ ರೂ. 18,400 ಬಾಕಿ ಇದೆ. ಅದನ್ನು ಕೊನೆಯ ಸಂಬಳದಲ್ಲಿ ಕಟಾಯಿಸಿಕೊಳ್ಳಬಹುದು.
>
> ಇಷ್ಟು ವರ್ಷ ಕೆಲಸ ಕಲಿಸಿದ ತಮಗೂ ಆಡಳಿತ ಮಂಡಳಿಗೂ ಸಂಘಕ್ಕೂ ನಾನು ಸದಾ ಕೃತಜ್ಞಳಾಗಿರುತ್ತೇನೆ.
>
> ಧನ್ಯವಾದಗಳು.

ಜೊತೆಗೆ, ಅರ್ಥ ಬದಲಾದ ನಾಲ್ಕು ಜಾಗಗಳನ್ನು ಬೇರೆಯಾಗಿ ಬರೆದು ಕಳಿಸಿದೆ: ಕೊನೆಯ ದಿನ, ವೋಚರ್ ಗಡುವು, ಕೀ ಒಪ್ಪಿಸುವ ದಿನ, ಮೊತ್ತ. ಕಾಗುಣಿತವನ್ನು ನನ್ನ ಮೇಲೆ ಬಿಡು, ಈ ನಾಲ್ಕನ್ನು ನೀನೇ ಓದಿ ಹೂಂ ಅನ್ನು, ಆಮೇಲೆ ಕಳಿಸು ಅಂದೆ. ಆಶ್ಚರ್ಯಸೂಚಕ ಚಿಹ್ನೆ ಒಂದಾದರೂ ಇರಲಿ ಅಂದಳು. ಆಗ ಓದಿ ತೋರಿಸಿದೆ. "ಸದಾ ಕೃತಜ್ಞಳಾಗಿರುತ್ತೇನೆ" ಅನ್ನುವುದು ನಿಧಾನವಾಗಿ ಹೇಳುವ ಮಾತು, ಕೂಗುವುದಲ್ಲ. ಕೇಳಿ, ಬೇಡ ಬಿಡು ಅಂದಳು.

ಐದು ಮುಕ್ಕಾಲಿಗೆ ಮೇಲ್ ಹೋಯಿತು.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಯವರು ಅವಳ ಮೇಜಿನ ಹತ್ತಿರ ಬಂದು ಕೇಳಿದ್ದು ಇಷ್ಟೇ ಅಂತೆ: "ಇಪ್ಪತ್ತಕ್ಕೆ ವೋಚರ್, ಇಪ್ಪತ್ತೊಂಬತ್ತಕ್ಕೆ ಕೀ. ಹೌದಲ್ಲಮ್ಮಾ?"